ಬೆರಕೆ ಮಾತಿನ ಹದ

ಹೊರದೇಶದ ಕನ್ನಡ ಸಂಘಗಳಿಗಾಗಿ ನಾಟಕ ಬರೆಯುವವರಿಗೆ ಊರಿನ ನಾಟಕಕಾರರಿಗಿಲ್ಲದ ಒಂದು ತೊಡಕುಂಟು. ಪಾತ್ರಗಳು ಅಚ್ಚ ಕನ್ನಡದಲ್ಲಿ ಮಾತಾಡಿದರೆ ಸಭಿಕರು "ಇದು ಪಠ್ಯಪುಸ್ತಕ, ನಮ್ಮ ಮನೆಯ ಮಾತಲ್ಲ" ಎನ್ನುತ್ತಾರೆ. ಇಂಗ್ಲಿಷ್ ಬೆರೆಸಿದರೆ "ಇಷ್ಟಕ್ಕೆ ಕನ್ನಡ ಸಂಘ ಯಾಕೆ ಬೇಕಿತ್ತು?" ಎಂದು ಹಿಂದಿನ ಸಾಲಿನಿಂದ ಕೇಳುತ್ತದೆ. ಎರಡು ಆಕ್ಷೇಪಣೆಗಳಲ್ಲೂ ಸತ್ಯವಿದೆ. ನಾವು ಬೆರೆಸಿಯೇ ಮಾತಾಡುವ ಜನ. ಆದರೆ ಹೇಗೆ ಬೇಕಾದರೆ ಹಾಗೆ ಬೆರೆಸುವವರಲ್ಲ. ಮನೆಯಲ್ಲಿ ಯೋಚಿಸದೆ ಆಡುವ ಬೆರಕೆಗೆ ಒಂದು ಕಟ್ಟು ಇರುತ್ತದೆ. ಕಾಗದದ ಮೇಲೆ ಬರೆಯುವಾಗ ಆ ಕಟ್ಟು ಕೈತಪ್ಪಿ, ಅವಲಕ್ಕಿಗೆ ಕಡಲೆಬೀಜ ಎರಚಿದ ಹಾಗೆ ಇಂಗ್ಲಿಷ್ ಪದಗಳು ಅಲ್ಲಲ್ಲಿ ಬೀಳುತ್ತವೆ.

ನಮ್ಮ ಸಂಘದಲ್ಲಿ ಹಸ್ತಪ್ರತಿಗಳ "ಭಾಷೆ ನೋಡಿಕೊಡುವ" ಕೆಲಸ ಕೆಲವು ವರ್ಷಗಳಿಂದ ನನ್ನ ಕೊರಳಿಗೆ ಬಿದ್ದಿದೆ. ನನಗೆ ಬಣ್ಣ ಹಚ್ಚಲು ಬಾರದು, ಹಾಡಲು ಬಾರದು, ಅಡುಗೆ ಸಮಿತಿಯವರು ಹತ್ತಿರ ಸೇರಿಸುವುದಿಲ್ಲ, ಉಳಿದದ್ದು ಇದೊಂದು. ಈ ಸಲ ದೀಪಾವಳಿಗೆ ಬಂದ ನಾಟಕ ನಮ್ಮ ತರುಣ ಮಿತ್ರರೊಬ್ಬರದು. ಊರಿನಿಂದ ಆರು ತಿಂಗಳಿಗೆಂದು ಅಜ್ಜಿ ಬಂದಿದ್ದಾರೆ. ಅವರು ಇರುವಾಗಲೇ ಮಗನ ಕೆಲಸ ಹೋಗುತ್ತದೆ. ಗಂಡ ಹೆಂಡತಿ ಸೇರಿ ಆ ಸುದ್ದಿಯನ್ನು ಅಜ್ಜಿಯಿಂದ ಮುಚ್ಚಿಡುತ್ತಾರೆ. ಕಥೆ ಇಷ್ಟೇ, ಆದರೆ ನಮ್ಮ ಸಭೆಯಲ್ಲಿ ಕೂರುವ ಎಷ್ಟೋ ಮನೆಗಳ ಕಥೆ. ತೊಂದರೆ ಇದ್ದದ್ದು ಮಾತಿನಲ್ಲಿ. ಮೊದಲ ಪುಟದ ನಾಲ್ಕು ಸಾಲುಗಳನ್ನು, ಮಿತ್ರರ ಒಪ್ಪಿಗೆ ಪಡೆದು, ಇಲ್ಲಿ ಕೊಡುತ್ತೇನೆ.

ಸೊಸೆ: ಅತ್ತೆ, ನೀವು ಮೆಡಿಸಿನ್ ಟೇಕ್ ಮಾಡಿದ್ರಾ? ಫುಡ್ ಆನ್ ದ ಟೇಬಲ್ ಇದೆ.

ಅಜ್ಜಿ: ಆಯ್ತಮ್ಮ. ನನಗೆ ಸ್ಲೀಪ್ ಬರ್ತಿದೆ. ಚೈಲ್ಡ್ ಸ್ಕೂಲಿಂದ ರಿಟರ್ನ್ ಆಯ್ತಾ?

ಮಗ: ಅಮ್ಮಾ, ನಾನು ಸೀರಿಯಸ್ಲಿ ಥಿಂಕಿಂಗ್ ಮಾಡ್ತಿದೀನಿ. ಮುಂದಿನ ವರ್ಷ ನಾವು ತ್ರೀ ಜನ ಊರಿಗೆ ಬರೋದು ಕಷ್ಟ.

ಮೊಮ್ಮಗಳು: ಅಜ್ಜಿ, ನನಗೆ ಬಹಳ ಹಸಿವಾಗುತ್ತಿದೆ. ಪ್ಲೀಸ್ ದೋಸೆ ಗಿವ್ ಮಾಡಿ.

ಓದಿದ ಕೂಡಲೇ ಏನೋ ಸರಿಯಿಲ್ಲವೆಂದು ಯಾರಿಗಾದರೂ ಗೊತ್ತಾಗುತ್ತದೆ. ಏನು ಸರಿಯಿಲ್ಲ ಎಂದು ಹೇಳುವುದು ಕಷ್ಟ. "ಇಂಗ್ಲಿಷ್ ಜಾಸ್ತಿಯಾಯಿತು" ಎಂಬ ಉತ್ತರ ಸರಿಯಲ್ಲ. ನಾಲ್ವರೂ ಸೇರಿ ಆಡಿರುವ ಇಂಗ್ಲಿಷ್ ಹತ್ತು ಹನ್ನೆರಡು ತುಣುಕು. ನಮ್ಮ ಮನೆಗಳಲ್ಲಿ ಒಂದು ಹೊತ್ತಿನ ಕಾಫಿಗೆ ಇದರ ಮೂರರಷ್ಟು ಖರ್ಚಾಗುತ್ತದೆ. ಕಡಿಮೆ ಮಾಡುವುದಲ್ಲ, ಕೂರಿಸುವುದು ಇಲ್ಲಿಯ ಕೆಲಸ. ಅದಕ್ಕೆ ನಾನು ಹಸ್ತಪ್ರತಿಯನ್ನು ಮೂರು ಸಲ ಓದುತ್ತೇನೆ, ಕೈಯಲ್ಲಿ ಪೆನ್ಸಿಲ್ ಹಿಡಿದು, ಪ್ರತಿ ಸಲ ಬೇರೆ ಪ್ರಶ್ನೆ ಇಟ್ಟುಕೊಂಡು.

ಮೊದಲ ಓದಿನ ಪ್ರಶ್ನೆ: ಈ ಇಂಗ್ಲಿಷ್ ತುಣುಕು ಕನ್ನಡ ವಾಕ್ಯದಲ್ಲಿ ಕೂರುವ ಜಾಗದಲ್ಲಿ ಕೂತಿದೆಯೇ?

ಕ್ರಿಯಾಪದದಿಂದ ಹೊರಡೋಣ. ಕನ್ನಡ ಪರಭಾಷೆಯ ಕ್ರಿಯೆಯನ್ನು ಒಳಕ್ಕೆ ಕರೆದುಕೊಳ್ಳುವ ಬಾಗಿಲು "ಮಾಡು", "ಆಗು" ಎಂಬ ಎರಡು ಪದಗಳು. ಇದು ಇಂಗ್ಲಿಷಿಗಾಗಿ ಮಾಡಿಸಿದ ಹೊಸ ಬಾಗಿಲಲ್ಲ. ಸ್ನಾನ ಮಾಡು, ಪ್ರಯತ್ನ ಮಾಡು, ಸಂತೋಷವಾಗು ಎಂದು ಸಂಸ್ಕೃತ ಪದಗಳು ಬಹಳ ಹಿಂದೆಯೇ ಇದೇ ಬಾಗಿಲಲ್ಲಿ ಬಂದವು. ಅದೇ ದಾರಿಯಲ್ಲಿ ಪಾರ್ಕ್ ಮಾಡು, ಅಪ್ಲೈ ಮಾಡು, ಅಡ್ಜಸ್ಟ್ ಮಾಡು ಬಂದಿವೆ. ತಾನಾಗಿ ಆದದ್ದಕ್ಕೆ "ಆಗು": ಫ್ಲೈಟ್ ಕ್ಯಾನ್ಸಲ್ ಆಯ್ತು, ಮೀಟಿಂಗ್ ಲೇಟ್ ಆಯ್ತು. ನಾವೇ ರದ್ದುಪಡಿಸಿದರೆ ಕ್ಯಾನ್ಸಲ್ ಮಾಡಿದೆ. ಕಂಪನಿಯವರು ರದ್ದುಪಡಿಸಿದರೆ ಕ್ಯಾನ್ಸಲ್ ಆಯ್ತು. ಈ ಭೇದವನ್ನು ಯಾರೂ ನಮಗೆ ಕಲಿಸಿಲ್ಲ, ಆದರೂ ಯಾರೂ ತಪ್ಪುವುದಿಲ್ಲ.

ಬಾಗಿಲು ತೆರೆದಿದೆಯೆಂದು ಎಲ್ಲ ಕ್ರಿಯೆಗಳೂ ನುಗ್ಗುವುದಿಲ್ಲ. ತಗೊಳ್ಳುವುದು, ಕೊಡುವುದು, ಬರುವುದು, ಹೋಗುವುದು, ತಿನ್ನುವುದು, ಮಲಗುವುದು, ಹೇಳುವುದು - ದಿನವಿಡೀ ಮನೆಯಲ್ಲಿ ನಡೆಯುವ ಈ ಕೆಲಸಗಳ ಜಾಗವನ್ನು ಇಂಗ್ಲಿಷ್ ಕ್ರಿಯೆ ಹಿಡಿಯುವುದಿಲ್ಲ. ಇಲ್ಲಿ ಇಪ್ಪತ್ತು ವರ್ಷ ಇದ್ದವರೂ "ಗಿವ್ ಮಾಡು" ಎನ್ನುವುದಿಲ್ಲ, "ಕಮ್ ಮಾಡಿದ" ಎನ್ನುವುದಿಲ್ಲ. ಹೊಸ ಸಂಗತಿಯ ಜೊತೆಗೆ ಬಂದ ಕ್ರಿಯೆ, ಇಲ್ಲವೇ ಕಚೇರಿ, ರಸ್ತೆ, ಯಂತ್ರಗಳಿಗೆ ಸೇರಿದ ಕ್ರಿಯೆ ಇಂಗ್ಲಿಷಿನಲ್ಲಿ ಉಳಿಯುತ್ತದೆ. ಆದ್ದರಿಂದ ಸೊಸೆಯ "ಟೇಕ್ ಮಾಡಿದ್ರಾ", ಮೊಮ್ಮಗಳ "ಗಿವ್ ಮಾಡಿ" ಎರಡಕ್ಕೂ ಪೆನ್ಸಿಲ್ ಗೆರೆ ಬಿತ್ತು.

ಮಗನ "ಥಿಂಕಿಂಗ್ ಮಾಡ್ತಿದೀನಿ" ಇನ್ನೊಂದು ಬಗೆಯದು. "ಮಾಡು" ಎಂಬುದರ ಹಿಂದೆ ಇಂಗ್ಲಿಷ್ ಕ್ರಿಯೆ ಬೋಳಾಗಿ ನಿಲ್ಲುತ್ತದೆ. ಡ್ರೈವ್ ಮಾಡ್ತಿದೀನಿ ಎನ್ನುತ್ತೇವೆ. ಕಾಲವನ್ನೂ ವ್ಯಕ್ತಿಯನ್ನೂ ಹೇಳುವ ಹೊಣೆ ಕನ್ನಡದ್ದು, ಇಂಗ್ಲಿಷ್ ಪದ ಸುಮ್ಮನೆ ಹೆಸರು ಕೊಡುತ್ತದೆ. ಶಾಪಿಂಗ್ ಮಾಡಿದೆ, ಕುಕಿಂಗ್ ಮಾಡ್ತಾರೆ ಎನ್ನುತ್ತೇವಲ್ಲ ಎಂದು ತಾಲೀಮಿನಲ್ಲಿ ಒಬ್ಬರು ಕೇಳಿದರು. ಅಲ್ಲಿ ಶಾಪಿಂಗ್ ಎಂಬುದು ಒಂದು ಕೆಲಸದ ಹೆಸರು, ಮದುವೆ ಮಾಡಿದೆ ಎನ್ನುವಾಗಿನ ಮದುವೆಯ ಹಾಗೆ. ಥಿಂಕಿಂಗ್ ಹಾಗೆ ಹೆಸರಾಗಿ ನಮ್ಮಲ್ಲಿ ಒಗ್ಗಿಲ್ಲ.

"ಸೀರಿಯಸ್ಲಿ" ಎಂಬುದಕ್ಕೂ ಗೆರೆ ಎಳೆದೆ. ಹೇಗೆ ಮಾಡಿದ ಎಂದು ಹೇಳಲು ನಮಗೆ "ಆಗಿ" ಇದೆ: ನೀಟಾಗಿ, ಫಾಸ್ಟಾಗಿ, ಸೀರಿಯಸ್ಸಾಗಿ. ಇಂಗ್ಲಿಷಿನ ಬಾಲವನ್ನು ಕತ್ತರಿಸಿ ಕನ್ನಡದ ಬಾಲ ಅಂಟಿಸುತ್ತೇವೆ. ಅಂಟಿಸುವಾಗ ಪದದ ಕೊನೆಯ ಉಚ್ಚಾರಣೆಯೂ ಕನ್ನಡಕ್ಕೆ ತಿರುಗಿ "ಸ್ಸಾ" ಎಂದು ದಪ್ಪವಾಗುತ್ತದೆ, ಬಸ್ಸು, ಪೆನ್ನು, ಮಿಲ್ಲು ಆದ ಹಾಗೆಯೇ. ವಾಕ್ಯದ ತಲೆಯ ಮೇಲೆ ಒಂಟಿಯಾಗಿ ಕೂರುವ ಆಕ್ಚುಯಲಿ, ಬೇಸಿಕಲಿ ಮಾತ್ರ ತಮ್ಮ ಬಾಲವನ್ನು ಉಳಿಸಿಕೊಂಡಿವೆ. ಅವು ವಾಕ್ಯದ ಒಳಗೆ ಬರುವುದಿಲ್ಲ, ಹೊಸ್ತಿಲಲ್ಲೇ ನಿಲ್ಲುತ್ತವೆ.

ಇನ್ನು "ಆನ್ ದ ಟೇಬಲ್ ಇದೆ". ಇಂಗ್ಲಿಷಿನಲ್ಲಿ "ಮೇಲೆ" ಎಂಬುದು ಮುಂದೆ ಬರುತ್ತದೆ, ನಮ್ಮಲ್ಲಿ ಹಿಂದೆ. ನ್ಯೂಯಾರ್ಕಿನ ಪೋರ್ಟೊರಿಕೋ ಮೂಲದವರ ಸ್ಪ್ಯಾನಿಷ್-ಇಂಗ್ಲಿಷ್ ಬೆರಕೆಯನ್ನು ಅಭ್ಯಾಸ ಮಾಡಿ ಶಾನಾ ಪಾಪ್ಲಾಕ್ ಎಂಬ ಭಾಷಾವಿಜ್ಞಾನಿ 1980ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹೇಳಿದ್ದು ಇಲ್ಲಿ ನೆನಪಾಗುತ್ತದೆ: ಎರಡು ಭಾಷೆಗಳ ಪದಗಳ ಕ್ರಮ ಎಲ್ಲಿ ಹೊಂದುತ್ತದೋ ಅಲ್ಲಿ ಮಾತುಗಾರರು ಈಚೆಯಿಂದ ಆಚೆಗೆ ದಾಟುತ್ತಾರೆ, ಹೊಂದದ ಕಡೆ ಸಾಮಾನ್ಯವಾಗಿ ದಾಟುವುದಿಲ್ಲ. ಎಲ್ಲ ಭಾಷಾಜೋಡಿಗಳಿಗೂ ಇದು ಕಟ್ಟುನಿಟ್ಟಾಗಿ ನಡೆಯುತ್ತದೆಂದು ಅನಂತರದ ವಿದ್ವಾಂಸರು ಒಪ್ಪಿಲ್ಲ. ಆದರೂ ನಾಟಕ ತಿದ್ದುವವನಿಗೆ ಇದೊಂದು ಒಳ್ಳೆಯ ಅಳತೆಗೋಲು. ಗುಣವಾಚಕ ಎರಡು ಭಾಷೆಗಳಲ್ಲೂ ನಾಮಪದದ ಮುಂದೆಯೇ ಬರುವುದರಿಂದ "ಕ್ರಿಸ್ಪಿ ದೋಸೆ" ಸಲೀಸು. "ಆನ್ ದ ಮೇಜು" ಎಡವುತ್ತದೆ. ಬೈ ಮಿಸ್ಟೇಕ್, ಆನ್ ಟೈಮ್ ಎಂಬಂಥವು ನಮ್ಮ ಬಾಯಲ್ಲಿವೆ ನಿಜ. ಅವು ಒಡೆಯದ ಗಟ್ಟಿ ಕಾಯಿಗಳಾಗಿ ಇಡಿಯಾಗಿ ಬಂದಿವೆ.

"ತ್ರೀ ಜನ" ಎಂಬುದೂ ಹೀಗೆಯೇ. ಬೆಲೆ, ತಾರೀಖು, ಫೋನ್ ನಂಬರು ಇವನ್ನು ಇಂಗ್ಲಿಷಿನಲ್ಲಿ ಹೇಳುವುದು ನಮಗೆ ರೂಢಿ. ಮನುಷ್ಯರನ್ನು ಎಣಿಸುವಾಗ ಕನ್ನಡಕ್ಕೇ ಮರಳುತ್ತೇವೆ: ಒಬ್ಬ, ಇಬ್ಬರು, ಮೂರು ಜನ. ಕನ್ನಡದಲ್ಲಿ ಜನರ ಲೆಕ್ಕಕ್ಕೆ ಬೇರೆಯ ಪದಗಳೇ ಇರುವುದು ಇದಕ್ಕೆ ಒಂದು ಕಾರಣವಿರಬಹುದು.

ಮೊದಲ ಓದು ಮುಗಿಯಿತು. ಇಷ್ಟನ್ನು ತಿದ್ದಿದರೆ ವಾಕ್ಯಗಳು ಓಡುತ್ತವೆ, ಆದರೆ ಎಲ್ಲರೂ ಒಂದೇ ಬಾಯಿಂದ ಮಾತಾಡುತ್ತಾರೆ. ಎರಡನೆಯ ಓದಿನ ಪ್ರಶ್ನೆ: ಈ ಪದ ಈ ವ್ಯಕ್ತಿಯ ಬಾಯಿಗೆ ಬಂದದ್ದು ಹೇಗೆ?

ಟಿ. ಪಿ. ಕೈಲಾಸಂ (1884-1946) ನಮಗೆ ಈ ವಿದ್ಯೆಯ ಹಿರಿಯರು. "ಟೊಳ್ಳು ಗಟ್ಟಿ", "ಹೋಂ ರೂಲು" ಬರೆದವರು. ಅವರ ಇಂಗ್ಲಿಷ್ ಬೆರಕೆಯನ್ನು ಕಂಡು ನಕ್ಕವರು ಬಹಳ. ಅದರ ಲೆಕ್ಕಾಚಾರವನ್ನು ಗಮನಿಸಿದವರು ಕಡಿಮೆ. ಅವರ ನಾಟಕಗಳಲ್ಲಿ ಇಂಗ್ಲಿಷ್ ಎಲ್ಲರಿಗೂ ಸಮನಾಗಿ ಹಂಚಿದ ಪ್ರಸಾದವಲ್ಲ. ಯಾರು ಎಷ್ಟು ಓದಿದ್ದಾರೆ, ಯಾರು ಯಾರ ಮೇಲೆ ಜಂಬ ತೋರಿಸುತ್ತಿದ್ದಾರೆ ಎಂಬುದು ಅದರಲ್ಲೇ ತಿಳಿಯುತ್ತದೆ.

ನಾನು ಪ್ರತಿ ಪಾತ್ರಕ್ಕೂ ಒಂದು ಚೀಟಿ ಬರೆದುಕೊಳ್ಳುತ್ತೇನೆ. ಈ ಅಜ್ಜಿಯ ಚೀಟಿ: ಬೆಂಗಳೂರು, ಕನ್ನಡ ಶಾಲೆಯಲ್ಲಿ ಏಳನೆಯ ತರಗತಿ, ಗಂಡ ಬಟ್ಟೆ ಮಿಲ್ಲಿನಲ್ಲಿ ಕೆಲಸಗಾರರು. ಆಕೆಯ ಮಾತಿನಲ್ಲಿ ಬಸ್ಸು, ಟಿಕೀಟು, ಡಾಕ್ಟ್ರು, ಸ್ಕೂಲು, ಫ್ರಿಜ್ಜು, ಫೋನು ಬರಬಹುದು, ಬರಲೇಬೇಕು. ಅಜ್ಜಿಯಿಂದ "ದೂರವಾಣಿ" ಎನಿಸಿದರೆ ಅದು ಇನ್ನೊಂದು ಬಗೆಯ ಸುಳ್ಳು. ಪದ ಅಜ್ಜಿಗೆ ಒಗ್ಗಿದೆಯೇ ಎಂದು ತಿಳಿಯಲು ಎರಡು ಗುರುತುಗಳಿವೆ. ಒಂದು, ಪದದ ಕೊನೆಗೆ "ಉ" ಹತ್ತುತ್ತದೆಯೇ? ಫೋನು ಹತ್ತಿತು, "ಸ್ಲೀಪು" ಹತ್ತಲಿಲ್ಲ. ಇನ್ನೊಂದು, ಅದಕ್ಕೆ "ಗಿ" ಹಚ್ಚಿ ಜೋಡಿ ಮಾಡಬಹುದೇ? ಫೋನು-ಗೀನು, ಬಸ್ಸು-ಗಿಸ್ಸು ಎಂದು ಅಜ್ಜಿ ಗೊಣಗಬಲ್ಲರು. "ಚೈಲ್ಡು-ಗೀಲ್ಡು" ಎನ್ನುವ ಅಜ್ಜಿಯನ್ನು ನಾನು ಕಂಡಿಲ್ಲ. ಈ ಎರಡೂ ಗುರುತು ದಾಟಿದ ಪದ ಅಜ್ಜಿಯ ಪಾಲಿಗೆ ಇಂಗ್ಲಿಷೇ ಅಲ್ಲ, ಅವರ ಕನ್ನಡ.

ಮಗ ಸೊಸೆಯರ ವಾಕ್ಯದ ಚೌಕಟ್ಟು ಕನ್ನಡ, ಒಳಗಿನ ಹಲಗೆಗಳಲ್ಲಿ ಕೆಲವು ಇಂಗ್ಲಿಷ್. ಕಚೇರಿಯ ಮಾತು ಬಂದಾಗ ಹಲಗೆಗಳ ಸಂಖ್ಯೆ ಹೆಚ್ಚುತ್ತದೆ, ಅಡುಗೆಯ ಮಾತಿನಲ್ಲಿ ಇಳಿಯುತ್ತದೆ. ಸೊಸೆ ಅತ್ತೆಯೊಡನೆ ಮಾತಾಡುವಾಗ ಇನ್ನೂ ಇಳಿಯುತ್ತದೆ.

ಇಲ್ಲಿ ಹುಟ್ಟಿದ ಮೊಮ್ಮಗಳದು ತಿರುಗುಮುರುಗು: ಚೌಕಟ್ಟೇ ಇಂಗ್ಲಿಷ್, ಒಳಗೆ ಕನ್ನಡದ ಹಲಗೆಗಳು. ಹಸ್ತಪ್ರತಿಯಲ್ಲಿ ಅವಳು "ನನಗೆ ಬಹಳ ಹಸಿವಾಗುತ್ತಿದೆ" ಎಂದು ಶಾಲಾ ಕನ್ನಡ ಆಡಿ, ಆಮೇಲೆ "ಗಿವ್ ಮಾಡಿ" ಎನ್ನುತ್ತಾಳೆ. ಇವಳು ಆಡದ ಎರಡು ಭಾಷೆಗಳು ಅಲ್ಲಿ ಸೇರಿವೆ. ಇಂಥ ಮಕ್ಕಳ ಇಂಗ್ಲಿಷ್ ವಾಕ್ಯದಲ್ಲಿ ಕನ್ನಡವಾಗಿ ಉಳಿಯುವ ಪದಗಳು ಯಾವುವೆಂದು ನಮ್ಮ ಮನೆಗಳಲ್ಲೇ ಕಿವಿಗೊಟ್ಟು ಕೇಳಿದೆ. ಅಮ್ಮ, ಅಜ್ಜಿ, ತಾತ, ದೋಸೆ, ಸಾರು, ತುಪ್ಪ, "ಬೇಡ", "ಸಾಕು", "ಅಯ್ಯೋ". ಸಂಬಂಧ, ಊಟ, ನಿರಾಕರಣೆ, ನೋವು. ಉಳಿದದ್ದು ಇಂಗ್ಲಿಷ್. ಇಂಥ ಮಗು ಅಜ್ಜಿಗಾಗಿ ಕನ್ನಡ ವಾಕ್ಯ ಕಟ್ಟಿದಾಗ ಹೆಚ್ಚಾಗಿ ಎಡವುವುದು ಬಹುವಚನದಲ್ಲಿ. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ "ಯೂ" ಆದ್ದರಿಂದ "ಅಜ್ಜಿ, ನೀನು ಬಾ" ಎನ್ನುತ್ತದೆ. ಅದನ್ನು ತಿದ್ದದೆ ಹಾಗೇ ಬಿಟ್ಟೆವು. ಅಜ್ಜಿಯನ್ನು ಏಕವಚನದಲ್ಲಿ ಕರೆಯುವ ಮನೆಗಳು ಊರಿನಲ್ಲೂ ಎಷ್ಟೋ ಇವೆ. ಕೇಳಲು ಹಿತವಾಗಿಯೇ ಇರುತ್ತದೆ.

ಎರಡನೆಯ ಓದು ಮುಗಿದಾಗ ಆ ನಾಲ್ಕು ಸಾಲುಗಳು ಹೀಗಾದವು.

ಸೊಸೆ: ಅತ್ತೆ, ಮಾತ್ರೆ ತಗೊಂಡ್ರಾ? ಊಟ ರೆಡಿ ಇದೆ, ಟೇಬಲ್ ಮೇಲಿಟ್ಟಿದೀನಿ.

ಅಜ್ಜಿ: ಆಯ್ತಮ್ಮ. ಯಾಕೋ ಕಣ್ಣು ಎಳೀತಿದೆ. ಮಗು ಸ್ಕೂಲಿಂದ ಬಂತೇನು?

ಮಗ: ಅಮ್ಮಾ, ಸೀರಿಯಸ್ಸಾಗಿ ಹೇಳ್ತಿದೀನಿ. ಮುಂದಿನ ವರ್ಷ ಮೂರು ಜನಾನೂ ಬರೋದು ಕಷ್ಟ ಆಗ್ಬಹುದು.

ಮೊಮ್ಮಗಳು: ಅಜ್ಜಿ, ಐ ಆಮ್ ಸೋ ಹಂಗ್ರಿ! ಕ್ಯಾನ್ ಐ ಹ್ಯಾವ್ ಒನ್ ಮೋರ್ ದೋಸೆ? ತುಪ್ಪ ಬೇಡ.

ಕೊನೆಯ ಸಾಲಿನಲ್ಲಿ ಇಂಗ್ಲಿಷ್ ಮೊದಲಿಗಿಂತ ಹೆಚ್ಚಾಗಿದೆ, ಗಮನಿಸಿ. ತಾಲೀಮಿನಲ್ಲಿ ಆ ಹುಡುಗಿ ಮೊದಲ ಸಲ ತೊದಲದೆ ಹೇಳಿದ ಸಾಲು ಅದು. ನಟರು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮುಗ್ಗರಿಸಿದರೆ, ನೆನಪು ಕೆಟ್ಟಿತೆಂದು ಬೈಯುವ ಮೊದಲು ಅಲ್ಲಿಯ ಬೆಸುಗೆಯನ್ನು ನೋಡಬೇಕು. ಬೆಸುಗೆ ಸರಿಯಿಲ್ಲದ ಕಡೆ ಬಾಯಿ ತಾನಾಗಿ ನಿಲ್ಲುತ್ತದೆ, ಇಲ್ಲವೇ ನಟ ತನಗೆ ತಿಳಿಯದೆಯೇ ಸಾಲನ್ನು ತಿದ್ದಿ ಹೇಳುತ್ತಾನೆ. ಹಾಗೆ ತಿದ್ದಿಕೊಂಡದ್ದು ಹತ್ತರಲ್ಲಿ ಎಂಟು ಸಲ ಬರೆದದ್ದಕ್ಕಿಂತ ಚೆನ್ನಾಗಿರುತ್ತದೆ. ನಾನು ಅದನ್ನೇ ಪ್ರತಿಯಲ್ಲಿ ಬರೆದುಕೊಳ್ಳುತ್ತೇನೆ.

ಮೂರನೆಯ ಓದು ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರಶ್ನೆ: ಭಾಷೆ ಇಲ್ಲೇ ಯಾಕೆ ಬದಲಾಯಿತು? ಯಾರು ಕೇಳಿಸಿಕೊಳ್ಳುತ್ತಿದ್ದಾರೆ?

ಕನ್ನಡದಲ್ಲಿ ಈ ಬೆರಕೆ ಮಾಡುವ ಕೆಲಸಗಳೇನು ಎಂಬುದರ ಬಗ್ಗೆ ಎಸ್. ಎನ್. ಶ್ರೀಧರ್ ಅವರು 1978ರಲ್ಲೇ ಲೇಖನ ಬರೆದಿದ್ದಾರೆ. ಇದು ವಿದ್ವಾಂಸರು ತೂಗಿ ನೋಡಿರುವ ವಿಷಯ. ನಾಟಕಕ್ಕೆ ಬೇಕಾದಷ್ಟನ್ನು ಮಾತ್ರ ಹೇಳುವುದಾದರೆ, ನಾವು ಇಡೀ ವಾಕ್ಯವನ್ನೇ ಇಂಗ್ಲಿಷಿಗೆ ತಿರುಗಿಸುವುದು ಕಾರಣವಿದ್ದಾಗ. ಬೇರೆಯವರ ಮಾತನ್ನು ಹಾಗೆಯೇ ಒಪ್ಪಿಸುವಾಗ: "ವಿ ವಿಲ್ ಲೆಟ್ ಯೂ ನೋ ಅಂತ ಅಂದ". ಈ "ಅಂತ" ನಮ್ಮ ದೊಡ್ಡ ಉಪಕಾರಿ. ಅದರ ಎಡಗಡೆ ಎಷ್ಟು ಉದ್ದದ ಇಂಗ್ಲಿಷ್ ಇಟ್ಟರೂ ಹೊರುತ್ತದೆ. ಮಕ್ಕಳ ಕಡೆ ತಿರುಗಿದಾಗ. ಜಗಳ ಮಿತಿಮೀರಿದಾಗ. ಕೊನೆಯದಾಗಿ, ಕೋಣೆಯಲ್ಲಿರುವ ಒಬ್ಬರಿಗೆ ತಿಳಿಯಬಾರದೆಂದಾಗ.

ನಮ್ಮ ನಾಟಕ ನಿಂತಿರುವುದೇ ಈ ಕೊನೆಯ ಕಾರಣದ ಮೇಲೆ. ಆದರೆ ಹಸ್ತಪ್ರತಿಯಲ್ಲಿ ಮುಖ್ಯ ದೃಶ್ಯ ಹೀಗಿತ್ತು. ಊಟದ ಮೇಜಿನ ಬಳಿ ಅಜ್ಜಿ ಕೂತಿದ್ದಾರೆ.

ಸೊಸೆ: ಅಮ್ಮನಿಗೆ ಟೆಲ್ ಮಾಡಬೇಡಿ, ವರಿ ಮಾಡ್ತಾರೆ. ನಿಮ್ಮ ಜಾಬ್ ಹೋಗಿದ್ದು ಶಿ ಶುಡ್ ನಾಟ್ ನೋ.

ಮಗ: ಆದ್ರೆ ಲೇಆಫ್ ಲೆಟರ್ ಬಂದು ಒನ್ ವೀಕ್ ಆಯ್ತು.

ಮುಚ್ಚಿಡಬೇಕಾದ ಸುದ್ದಿಯೇ ಕನ್ನಡದಲ್ಲಿದೆ! ಅಜ್ಜಿಗೆ ಕಿವಿ ಕೇಳಿಸದಿದ್ದರೆ ಮಾತ್ರ ಈ ದೃಶ್ಯ ನಡೆಯುತ್ತದೆ. ಮೊದಲಿಂದ ಎಲ್ಲರೂ ಕಂಡಕಂಡಲ್ಲಿ ಇಂಗ್ಲಿಷ್ ಆಡಿಕೊಂಡು ಬಂದಿದ್ದರಿಂದ, ಇಲ್ಲಿ ಭಾಷೆ ಒಂದು ಗೋಡೆಯಾಗಬೇಕೆಂಬುದು ಬರೆದವರಿಗೂ ಮಾಸಿಹೋಗಿತ್ತು. ಮೊದಲ ಪುಟಗಳಲ್ಲಿ ಮಗ ಸೊಸೆಯರ ಚೌಕಟ್ಟನ್ನು ಕನ್ನಡದಲ್ಲಿ ನಿಲ್ಲಿಸಿದ್ದರ ಫಲ ಇಲ್ಲಿ ದೊರೆಯುತ್ತದೆ. ಅವರು ಮೊದಲ ಬಾರಿ ಪೂರ್ತಿ ಇಂಗ್ಲಿಷಿಗೆ ಹೋದಾಗ ಸಭೆಗೆ ಬಾಗಿಲು ಹಾಕಿದ ಸದ್ದು ಕೇಳಬೇಕು. ನಾವು ಕೂತು ಹೀಗೆ ಮಾಡಿದೆವು.

ಸೊಸೆ: ನಾಟ್ ನೌ. ನಾಟ್ ಇನ್ ಫ್ರಂಟ್ ಆಫ್ ಹರ್.

ಮಗ: ಶಿ ವಿಲ್ ಫೈಂಡ್ ಔಟ್. ಇಟ್ಸ್ ಬೀನ್ ಎ ವೀಕ್ ಸಿನ್ಸ್ ದ ಲೇಆಫ್.

ಸೊಸೆ: ಅತ್ತೆ, ಇನ್ನು ಸ್ವಲ್ಪ ಸಾರು ಹಾಕ್ಲಾ?

ಅಜ್ಜಿ: ಸಾಕಮ್ಮ. ಲೇಆಫು ಅಂದ್ರೇನೋ?

ಎಲ್ಲರಿಗೂ ಒಪ್ಪಿಗೆಯಾಯಿತು. ತಾಲೀಮು ನಮ್ಮ ಸದಸ್ಯರೊಬ್ಬರ ಮನೆಯ ನೆಲಮಾಳಿಗೆಯಲ್ಲಿ ನಡೆಯುತ್ತಿತ್ತು. ಬೆಂಗಳೂರಿನಿಂದ ಬಂದಿದ್ದ ಅವರ ತಾಯಿ ಮೂಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ದೃಶ್ಯ ಮುಗಿದ ಮೇಲೆ ಕೇಳಿದರು: "ಅಲ್ಲಪ್ಪ, ಮಿಲ್ಲಿನೋರ ಹೆಂಡ್ತಿ ಅಂತೀರಿ. ಆಕೆಗೆ ಲೇಆಫು ಗೊತ್ತಿರೋದಿಲ್ವೆ? ನಮ್ಮನೇಲಿ ನಾನು ಮೊದಲು ಕಲಿತ ಇಂಗ್ಲಿಷೇ ಅದು."

ಅವರ ಯಜಮಾನರೂ ಮಿಲ್ಲಿನಲ್ಲಿದ್ದವರಂತೆ. ಕರೆಂಟಿಲ್ಲದಾಗ, ಹತ್ತಿ ಬಾರದಾಗ, ಬಟ್ಟೆ ಮಾರಾಟವಾಗದೆ ರಾಶಿ ಬಿದ್ದಾಗ ಕೆಲಸಗಾರರನ್ನು ಕೆಲವು ದಿನ ಮನೆಗೆ ಕಳಿಸುತ್ತಿದ್ದರು, ಅದು ಲೇಆಫು. ಭಾರತದ 1947ರ ಕೈಗಾರಿಕಾ ವಿವಾದ ಕಾಯಿದೆಗೆ 1953ರಲ್ಲಿ ಸೇರಿದ ತಿದ್ದುಪಡಿಯಲ್ಲಿ ಈ ಪದಕ್ಕೆ ಇದೇ ಅರ್ಥ ಕೊಟ್ಟಿತ್ತು: ಕೆಲಸಗಾರನ ಹೆಸರು ಹಾಜರಿ ಪಟ್ಟಿಯಲ್ಲೇ ಇರುತ್ತದೆ, ಕೊಡಲು ಕೆಲಸವಿಲ್ಲ ಅಷ್ಟೆ. ಅರ್ಹರಾದವರಿಗೆ ಆ ದಿನಗಳ ಮೂಲ ವೇತನ ಮತ್ತು ತುಟ್ಟಿಭತ್ಯದ ಅರ್ಧ ಪರಿಹಾರವಾಗಿ ಸಿಗುತ್ತಿತ್ತು. ಪೂರ್ತಿ ತೆಗೆದುಹಾಕುವುದಕ್ಕೆ ಅದೇ ಕಾಯಿದೆಯಲ್ಲಿ ಬೇರೆ ಹೆಸರಿತ್ತು. ಇಲ್ಲಿ ಅಮೆರಿಕದಲ್ಲಿ, ನಮ್ಮ ಜನ ಕೆಲಸ ಮಾಡುವ ಕಚೇರಿಗಳಲ್ಲಿ, ಲೇಆಫ್ ಎಂದರೆ ಕೆಲಸ ಹೋಯಿತೆಂದೇ ಅರ್ಥ. ವೀಸಾದ ಮೇಲಿದ್ದವರಿಗೆ ಅಷ್ಟರಲ್ಲೇ ಮುಗಿಯುವುದಿಲ್ಲ. 2017ರ ನಿಯಮದಂತೆ ಎಚ್-1ಬಿ ವೀಸಾದವನಿಗೆ ಕೆಲಸ ಹೋದ ಮೇಲೆ ಹೆಚ್ಚೆಂದರೆ ಅರವತ್ತು ದಿನ ಬಿಡುವು.

ಎಂದರೆ ಅಜ್ಜಿಗೂ ಮಗನಿಗೂ ಪದ ಒಂದೇ, ಸುದ್ದಿ ಬೇರೆ. ಅಷ್ಟು ಹೊತ್ತು ನಾವು ಗೋಡೆಯೆಂದು ತಿಳಿದಿದ್ದ ಇಂಗ್ಲಿಷಿನಲ್ಲಿ ಅಜ್ಜಿಗೆ ತನ್ನದೇ ಒಂದು ಕಿಟಕಿ ಇತ್ತು. ತರುಣ ಮಿತ್ರರು ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆದ ಸಾಲುಗಳಿವು. ನಾನು ಒಂದು ಅಕ್ಷರವನ್ನೂ ಮುಟ್ಟಲಿಲ್ಲ.

ಅಜ್ಜಿ: ಸಾರು ಸಾಕಮ್ಮ. ಲೇಆಫ್ ಆಗಿದ್ಯೇನೋ?

ಮಗ: ಅಮ್ಮಾ...

ಅಜ್ಜಿ: ಅದಕ್ಕ್ಯಾಕೆ ಇಂಗ್ಲಿಷಲ್ಲಿ ಗುಸುಗುಸು? ನಿಮ್ಮಪ್ಪಂಗೆ ಆಗ್ಲಿಲ್ವೇ, ಎಷ್ಟು ಸಲ? ಅರ್ಧ ಸಂಬಳ ಕೊಡ್ತಾರಲ್ಲ. ಯಾವಾಗ ಕರೀತಾರಂತೆ?

ಮಗ: ಇಲ್ಲಿ ಲೇಆಫ್ ಅಂದ್ರೆ ಅದಲ್ಲಮ್ಮ. ಕರೆಯೋದಿಲ್ಲ.

ಅಜ್ಜಿ: ಕರೆಯೋದೇ ಇಲ್ವೆ?

ಮಗ: ಅರವತ್ತು ದಿನ ಇದೆ.

ಇದರಲ್ಲಿ ಮಗನ ಕೊನೆಯ ಎರಡು ಮಾತುಗಳನ್ನು ನೋಡಿ. ಹೆಂಡತಿಯೊಡನೆ ಇದೇ ವಿಷಯ ಬಂದಾಗ, ಹಿಂದಿನ ದೃಶ್ಯದಲ್ಲಿ, ಅವನು "ಸಿಕ್ಸ್ಟಿ ಡೇಸ್ ಟೈಮ್ ಇದೆ" ಎಂದಿದ್ದ. ಅದು ಕಾಗದದ ಮೇಲಿನ ಸಂಖ್ಯೆ, ವಕೀಲರಿಂದ ಬಂದದ್ದು, ಆದ್ದರಿಂದ ಇಂಗ್ಲಿಷಿನಲ್ಲಿತ್ತು. ತಾಯಿಗೆ ಹೇಳುವಾಗ "ಅರವತ್ತು ದಿನ" ಎಂದಿತು. ಇಡೀ ಮಾತುಕತೆಯಲ್ಲಿ ಉಳಿದ ದೊಡ್ಡ ಇಂಗ್ಲಿಷ್ ಪದ ಒಂದೇ, ಅದೂ ಅಜ್ಜಿಯದೇ. ಬಾಗಿಲು ತೆರೆದ ಮೇಲೆ ಭಾಷೆ ತಾನಾಗಿ ಈಚೆಗೆ ಬಂತು.

ಈ ಮೂರು ಓದಿಗೂ ಒಂದು ಮಿತಿಯಿದೆಯೆಂದು ಹೇಳಬೇಕು. ಇವು ಒಂದೊಂದು ಮನೆಗೆ ಒಂದೊಂದು ರೀತಿ ಉತ್ತರ ಕೊಡುತ್ತವೆ. ಧಾರವಾಡದ ಕಡೆಯ ಮನೆಗೆ, ಮಂಗಳೂರಿನ ಮನೆಗೆ ಚೀಟಿಗಳನ್ನು ಹೊಸದಾಗಿ ಬರೆಯಬೇಕು. ಬೆಂಗಳೂರಿನ ಬೆರಕೆಯನ್ನು ಅಲ್ಲಿಗೆ ಹಚ್ಚಿದರೆ ಅದೂ ಯದ್ವಾತದ್ವಾ ಬೆರಕೆಯೇ. ಹತ್ತು ವರ್ಷದ ಹಿಂದೆ ಒಗ್ಗದಿದ್ದ ಪದ ಇಂದು ಒಗ್ಗಿರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಯಾವ ಪದ ಯಾರದ್ದೆಂದು ಮೇಜಿನ ಮುಂದೆ ಕೂತು ಪೂರ್ತಿ ಊಹಿಸಲಾಗದು. ತಾಲೀಮಿನ ಮೂಲೆಯಲ್ಲಿ ಆ ವಯಸ್ಸಿನವರೊಬ್ಬರು ಕೂತಿರುವಂತೆ ನೋಡಿಕೊಳ್ಳಬೇಕು.

ಬರೆಯುವ ಬಗ್ಗೆಯೂ ಒಂದು ಮಾತು. ಪ್ರತಿ ತೆಗೆಯುವಾಗ ಇಂಗ್ಲಿಷ್ ತುಣುಕುಗಳನ್ನೂ ಕನ್ನಡ ಅಕ್ಷರದಲ್ಲೇ, ಆ ಪಾತ್ರ ಉಚ್ಚರಿಸುವಂತೆ ಬರೆಯುತ್ತೇವೆ: ಅಜ್ಜಿಗೆ "ಲೇಆಫು", ಮಗನಿಗೆ "ಲೇಆಫ್". ಒಂದು ಕೊಂಬಿನ ವ್ಯತ್ಯಾಸ, ನಟಿಗೆ ಅದೇ ಸೂಚನೆ. ಅಜ್ಜಿಯೂ "ಲೇಆಫ್ ಆಗಿದ್ಯೇನೋ" ಎನ್ನುವಾಗ ಮುಂದೆ ಸ್ವರ ಬರುವುದರಿಂದ ಆ ಕೊಂಬು ಬಿದ್ದುಹೋಗುತ್ತದೆ, ಬಸ್ಸು ಬಂತು, ಬಸ್ಸಾಯ್ತು ಎನ್ನುವ ಹಾಗೆ. ಕನ್ನಡ ಓದಲು ಬಾರದ ಮಕ್ಕಳಿಗೆ ಮಾತ್ರ ಅವರ ಸಾಲುಗಳನ್ನು ರೋಮನ್ ಲಿಪಿಯಲ್ಲಿ ಬೇರೆ ಬರೆದುಕೊಟ್ಟೆವು.

ದೀಪಾವಳಿಯ ರಾತ್ರಿ "ಕರೆಯೋದೇ ಇಲ್ವೆ?" ಎಂಬ ಸಾಲಿಗೆ ಸಭೆ ನಿಶ್ಶಬ್ದವಾಯಿತು. ಮುಂದಿನ ಎರಡು ಸಾಲುಗಳಲ್ಲಿ ಊರಿನಿಂದ ಬಂದ ತಂದೆತಾಯಿಯರು ಕೂತಿದ್ದರು. ಅವರಲ್ಲಿ ಒಬ್ಬರು ಪಕ್ಕದಲ್ಲಿದ್ದ ಮಗನ ಕಡೆ ತಿರುಗಿ ಮೆಲ್ಲಗೆ ಏನೋ ಕೇಳಿದ್ದನ್ನು ನಾನು ಪರದೆಯ ಮರೆಯಿಂದ ಕಂಡೆ. ಮಗ ತಲೆಯಾಡಿಸಿ ಉತ್ತರ ಕೊಟ್ಟ. ಯಾವ ಭಾಷೆಯಲ್ಲಿ ಕೊಟ್ಟನೋ, ನನಗೆ ಕೇಳಿಸಲಿಲ್ಲ.